ಪೊಟ್ಟಣದ ಬೆನ್ನಿನ ಬರಹ

ಹಿಂದಿನವರಿಗೆ ಸಿಹಿಯೆಂಬುದು ಕಣ್ಣಿಗೆ ಕಾಣುವ ವಸ್ತುವಾಗಿತ್ತು. ಜಿಲೇಬಿಯಿಂದ ಪಾಕ ತೊಟ್ಟಿಕ್ಕುತ್ತಿತ್ತು. ಮೈಸೂರುಪಾಕು ತುಪ್ಪದ ಪರಿಮಳವನ್ನು ಬೀದಿಯ ತಿರುವಿಗೇ ಸಾರುತ್ತಿತ್ತು. ಮಧುಮೇಹಿಯಾದವನು ಅವುಗಳನ್ನು ತಿಂದರೂ ತಿಳಿದೇ ತಿನ್ನುತ್ತಿದ್ದನು. ಬಿಟ್ಟರೂ ತಿಳಿದೇ ಬಿಡುತ್ತಿದ್ದನು. ಈಗ ಅಂಗಡಿಯ ಕಪಾಟಿನಲ್ಲಿ ಬಂದು ಕುಳಿತಿರುವ ಸಿಹಿಯ ರೀತಿಯೇ ಬೇರೆ. ಅದು ಹಸಿರು ಬಣ್ಣದ ಪೊಟ್ಟಣದಲ್ಲಿರುತ್ತದೆ. ಅದರ ಮೇಲೆ ರಾಗಿಯ ತೆನೆಯ ಚಿತ್ರವಿರುತ್ತದೆ. ‘ಸಕ್ಕರೆ ಸೇರಿಸಿಲ್ಲ’ ಎಂಬ ಅಭಯವಾಕ್ಯವೂ ದಪ್ಪಕ್ಷರಗಳಲ್ಲಿ ಇರುತ್ತದೆ. ಅದನ್ನು ಕೈಗೆತ್ತಿಕೊಂಡವನಿಗೆ ತಾನು ಸಿಹಿಯನ್ನು ಕೊಳ್ಳುತ್ತಿದ್ದೇನೆ ಎನ್ನುವುದಕ್ಕಿಂತ ಪಥ್ಯವನ್ನು ಕೊಳ್ಳುತ್ತಿದ್ದೇನೆ ಎನ್ನಿಸುವುದೇ ಹೆಚ್ಚು.

ಬೆಂಗಳೂರಿನ ಪಶ್ಚಿಮಕ್ಕಿರುವ ನಾಗರಬಾವಿ ಹೆಸರಿನಲ್ಲಿ ಮಾತ್ರ ಬಾವಿಯನ್ನು ಉಳಿಸಿಕೊಂಡ ಊರು. ರಾಷ್ಟ್ರೀಯ ಕಾನೂನು ಶಾಲೆಯೂ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯೂ ಇಲ್ಲಿಯೇ ಇವೆ. ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಮಗ್ಗುಲಲ್ಲಿಯೇ ಇದೆ. ವಿದ್ಯಾವಂತರಿಗೆ ಕೊರತೆಯಿಲ್ಲದ ಇಂಥ ಬಡಾವಣೆಯಲ್ಲಿಯೂ ಪೊಟ್ಟಣದ ಮುಖವನ್ನು ಓದುವವರು ಬಹಳ. ಬೆನ್ನನ್ನು ಓದುವವರು ವಿರಳ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ದೇಶದ ಮಧುಮೇಹಿಗಳ ಸಂಖ್ಯೆಯನ್ನು ಸುಮಾರು 10 ಕೋಟಿ 10 ಲಕ್ಷವೆಂದು ಅಂದಾಜು ಮಾಡಿತು. ಅವರಲ್ಲಿ ಬಹುಪಾಲು ಜನರಿಗಿರುವುದು ಎರಡನೆಯ ಬಗೆಯ ಮಧುಮೇಹ. ಆದುದರಿಂದ ಬೆನ್ನಿನ ಬರಹವನ್ನು ಓದುವ ವಿದ್ಯೆ ಯಾವುದೋ ಒಂದು ಮನೆಗೆ ಮಾತ್ರ ಬೇಕಾದುದಲ್ಲ.

ಒಂದು ಪೊಟ್ಟಣ, ಒಬ್ಬ ಮೇಷ್ಟರು

ವಿಷಯ ಸ್ಪಷ್ಟವಾಗಲೆಂದು ಒಂದು ಸಂಸಾರವನ್ನೂ ಒಂದು ಪೊಟ್ಟಣವನ್ನೂ ಓದುಗರು ಕಲ್ಪಿಸಿಕೊಳ್ಳಲಿ. ನಾಗರಬಾವಿಯ ಎರಡನೆಯ ಹಂತದಲ್ಲಿ ಅರವತ್ತೆರಡು ವರ್ಷದ ನಿವೃತ್ತ ಮೇಷ್ಟರೊಬ್ಬರಿದ್ದಾರೆ. ಎಂಟು ವರ್ಷಗಳಿಂದ ಅವರಿಗೆ ಮಧುಮೇಹ. ಬೆಳಿಗ್ಗೆ ಮತ್ತು ರಾತ್ರಿ ಮೆಟ್‌ಫಾರ್ಮಿನ್ ಮಾತ್ರೆ, ಬೆಳಗಿನ ಊಟಕ್ಕೆ ಮುಂಚೆ ಗ್ಲಿಮಿಪಿರೈಡ್ ಮಾತ್ರೆ. ಸಂಜೆ ಐದರ ಸಕ್ಕರೆಯಿಲ್ಲದ ಚಹಾದೊಡನೆ ಏನಾದರೂ ಸಿಹಿಯಾಗಿ ಕಡಿಯಬೇಕೆಂಬುದು ಅವರ ಉಳಿದಿರುವ ಏಕಮಾತ್ರ ಚಪಲ. ಅಂಗಡಿಯವನು ಒಂದು ರಾಗಿ ಬಿಸ್ಕತ್ತಿನ ಪೊಟ್ಟಣವನ್ನು ಮುಂದಿಟ್ಟು, “ತಗೊಳ್ಳಿ ಸಾರ್, ಷುಗರ್ ಇರೋರಿಗೇ ಅಂತ ಮಾಡಿರೋದು. ಎಷ್ಟು ಬೇಕಾದ್ರೂ ತಿನ್ನಬಹುದು” ಎನ್ನುತ್ತಾನೆ. ಮೇಷ್ಟರು ಹಿಗ್ಗಿನಿಂದ ಮನೆಗೆ ತರುತ್ತಾರೆ. ಸೊಸೆ ಪೊಟ್ಟಣವನ್ನು ತಿರುಗಿಸಿ ನೋಡಿ, “ಮಾವ, ಮುಂದೆ ಬರೆದಿರೋದು ಮಾರೋದಕ್ಕೆ. ಹಿಂದೆ ಬರೆದಿರೋದನ್ನ ಓದಿಬಿಡೋಣ” ಎನ್ನುತ್ತಾಳೆ.

ಹಿಂದೆ ಬರೆದಿರುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಕಾಯಿದೆಯ ಪ್ರಕಾರ ವಿವರಗಳು ಇಂಗ್ಲಿಷ್ ಇಲ್ಲವೆ ಹಿಂದಿಯಲ್ಲಿದ್ದರೆ ಸಾಕು. ಕನ್ನಡವನ್ನು ಸೇರಿಸುವುದು ತಯಾರಕನ ಇಚ್ಛೆ. ಆದುದರಿಂದ ಕೆಲವು ಇಂಗ್ಲಿಷ್ ಹೆಸರುಗಳ ಗುರುತನ್ನು ಮನೆಯವರು ಇಟ್ಟುಕೊಳ್ಳಲೇಬೇಕು. ಕಾರ್ಬೋಹೈಡ್ರೇಟ್ ಎಂದರೆ ಶರ್ಕರಪಿಷ್ಟ. ಹಿಟ್ಟಿನ ಪಿಷ್ಟವೂ ಸಕ್ಕರೆಯೂ ಕೂಡಿದ ಮೊತ್ತ. ಅದರ ಕೆಳಗೆ ಟೋಟಲ್ ಷುಗರ್ಸ್ ಎಂದಿರುತ್ತದೆ. ಅದು ಒಟ್ಟು ಸಕ್ಕರೆ. ಅದರ ಕೆಳಗಿನ ಆಡೆಡ್ ಷುಗರ್ಸ್ ಎಂಬುದು ತಯಾರಕನು ಹೊರಗಿನಿಂದ ಹಾಕಿದ ಸಕ್ಕರೆ. ಈ ಮೂರು ಸಾಲುಗಳು ಒಂದರೊಳಗೊಂದು ಅಡಗಿದ ಡಬ್ಬಿಗಳಂತೆ. ಹೊರಗಿನ ಡಬ್ಬಿ ಶರ್ಕರಪಿಷ್ಟ. ಅದರೊಳಗೆ ಒಟ್ಟು ಸಕ್ಕರೆ. ಅದರೊಳಗೆ ಸೇರಿಸಿದ ಸಕ್ಕರೆ. ಪೊಟ್ಟಣದ ಮುಖವು ಕೊಂಡಾಡುವುದು ಅತ್ಯಂತ ಒಳಗಿನ ಡಬ್ಬಿಯನ್ನು. ಮೇಷ್ಟರ ರಕ್ತಕ್ಕೆ ಸಂಬಂಧಿಸಿದುದು ಅತ್ಯಂತ ಹೊರಗಿನದು.

ಮೇಷ್ಟರ ಪೊಟ್ಟಣದಲ್ಲಿ ನೂರು ಗ್ರಾಮಿಗೆ ಹೀಗೆ ಅಚ್ಚಾಗಿದೆ ಎಂದಿಟ್ಟುಕೊಳ್ಳಬಹುದು: ಶಕ್ತಿ 451 ಕಿಲೋಕ್ಯಾಲೊರಿ, ಪ್ರೋಟೀನು 7 ಗ್ರಾಂ, ಶರ್ಕರಪಿಷ್ಟ 68 ಗ್ರಾಂ, ಒಟ್ಟು ಸಕ್ಕರೆ 1.5 ಗ್ರಾಂ, ಸೇರಿಸಿದ ಸಕ್ಕರೆ 0, ಕೊಬ್ಬು 20 ಗ್ರಾಂ, ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು 9 ಗ್ರಾಂ. ಒಂದು ಸಲಕ್ಕೆ ಎರಡು ಬಿಸ್ಕತ್ತು, ಅಂದರೆ 25 ಗ್ರಾಂ, ಎಂದೂ ಬರೆದಿದೆ.

‘ಸೇರಿಸಿಲ್ಲ’ ಎಂಬ ಮಾತಿನ ಮಿತಿ

ಮುಖದ ಮೇಲಿನ ಮಾತು ಸುಳ್ಳೇನಲ್ಲ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ ಇಂಥ ಘೋಷಣೆಗಳಿಗೆ ಅಳತೆಗಳಿವೆ. ‘ಷುಗರ್ ಫ್ರೀ’ ಎಂದು ಬರೆಯಬೇಕಾದರೆ ನೂರು ಗ್ರಾಮಿನಲ್ಲಿ ಒಟ್ಟು ಸಕ್ಕರೆ ಅರ್ಧ ಗ್ರಾಮನ್ನು ಮೀರಬಾರದು. ‘ಲೋ ಷುಗರ್’ ಎನ್ನಬೇಕಾದರೆ ಘನಾಹಾರದಲ್ಲಿ ಐದು ಗ್ರಾಮನ್ನು ಮೀರಬಾರದು. ‘ನೋ ಆಡೆಡ್ ಷುಗರ್’ ಎಂಬುದಕ್ಕೆ ಇಂಥ ಮೇಲ್ಮಿತಿಯಿಲ್ಲ. ಹೊರಗಿನಿಂದ ಸಕ್ಕರೆಯನ್ನಾಗಲಿ ಸಕ್ಕರೆಯ ಬದಲಿಗೆ ಬಳಸುವ, ಸಕ್ಕರೆಯನ್ನೊಳಗೊಂಡ ಪದಾರ್ಥವನ್ನಾಗಲಿ ಸೇರಿಸಿರಬಾರದು ಎಂಬುದು ಅದರ ನಿಯಮ. ಮೇಷ್ಟರ ಪೊಟ್ಟಣದ 1.5 ಗ್ರಾಂ ಸಕ್ಕರೆ ಹಿಟ್ಟಿನಲ್ಲಿ ಸಹಜವಾಗಿದ್ದದ್ದು. ಆದುದರಿಂದ ತಯಾರಕನು ‘ಸೇರಿಸಿಲ್ಲ’ ಎಂದನೇ ಹೊರತು ‘ಇಲ್ಲ’ ಎನ್ನಲಿಲ್ಲ.

ಆದರೆ ಈ ಮೂರು ಘೋಷಣೆಗಳಲ್ಲಿ ಒಂದೂ ಪಿಷ್ಟದ ಮಾತನ್ನೆತ್ತುವುದಿಲ್ಲ. ಹಿಟ್ಟಿನ ಪಿಷ್ಟವು ನಾಲಿಗೆಗೆ ಸಪ್ಪೆ. ಕರುಳಿಗೆ ಅದು ಗ್ಲೂಕೋಸಿನ ಸರಮಾಲೆ. ಜೀರ್ಣರಸಗಳು ಆ ಸರವನ್ನು ಮಣಿಮಣಿಯಾಗಿ ಬಿಡಿಸುತ್ತವೆ. ಬಿಡಿಯಾದ ಗ್ಲೂಕೋಸು ರಕ್ತವನ್ನು ಸೇರುತ್ತದೆ. ಎರಡನೆಯ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ಇದ್ದರೂ ದೇಹದ ಅಂಗಾಂಶಗಳು ಅದರ ಮಾತಿಗೆ ಸರಿಯಾಗಿ ಓಗೊಡುವುದಿಲ್ಲ. ಕಾಲಕ್ರಮದಲ್ಲಿ ಅದರ ಉತ್ಪತ್ತಿಯೂ ಕುಗ್ಗುತ್ತದೆ. ಹಾಗಾಗಿ ರಕ್ತಕ್ಕೆ ಬಂದ ಗ್ಲೂಕೋಸು ಬೇಗ ಜಾಗ ಖಾಲಿ ಮಾಡುವುದಿಲ್ಲ. ಆ ಗ್ಲೂಕೋಸು ಸಕ್ಕರೆಯ ಚಮಚದಿಂದ ಬಂದಿತೋ ಮೈದಾದಿಂದ ಬಂದಿತೋ ಎಂದು ರಕ್ತ ವಿಚಾರಿಸುವುದಿಲ್ಲ.

ಪದಾರ್ಥಗಳ ಪಟ್ಟಿಯ ಸಾಕ್ಷ್ಯ

ಅಂಕಿಗಳ ಕೋಷ್ಟಕದ ಪಕ್ಕದಲ್ಲಿ ಪದಾರ್ಥಗಳ ಪಟ್ಟಿಯಿರುತ್ತದೆ. ಅದರಲ್ಲಿ ಹೆಸರುಗಳು ಮನಬಂದಂತೆ ಬರುವುದಿಲ್ಲ. ತಯಾರಿಸುವಾಗ ಯಾವುದರ ತೂಕ ಹೆಚ್ಚೋ ಅದು ಮೊದಲು, ಕಡಿಮೆಯಾದುದು ಕೊನೆಗೆ. ಚಿತ್ರದಿಂದಲೋ ಮಾತಿನಿಂದಲೋ ಯಾವ ಪದಾರ್ಥವನ್ನು ಮುಖದ ಮೇಲೆ ಎತ್ತಿ ತೋರಿಸಿದ್ದಾರೋ ಅದರ ಶೇಕಡಾ ಪ್ರಮಾಣವನ್ನೂ ಹೇಳಬೇಕು. ಮೇಷ್ಟರ ಸೊಸೆ ಓದಿದ ಪಟ್ಟಿ ಹೀಗಿತ್ತು: ಮೈದಾ, ತಾಳೆಎಣ್ಣೆ, ಮಾಲ್ಟಿಟಾಲ್, ರಾಗಿಹಿಟ್ಟು ಶೇಕಡಾ 14, ಮಾಲ್ಟೋಡೆಕ್ಸ್‌ಟ್ರಿನ್, ಹಾಲಿನ ಘನಾಂಶ, ಉಪ್ಪು, ಉಬ್ಬಿಸುವ ಪದಾರ್ಥಗಳು.

ಮುಖದಲ್ಲಿ ರಾಗಿಯ ತೆನೆ. ಒಳಗೆ ಏಳು ಪಾಲಿನಲ್ಲಿ ಒಂದು ಪಾಲು ರಾಗಿ. ಬಿಸ್ಕತ್ತಿನ ಮೈಕಟ್ಟು ಮೈದಾದ್ದು. ರಾಗಿಯ ಪ್ರಮಾಣವೇ ಹೆಚ್ಚಾಗಿದ್ದರೂ ಶರ್ಕರಪಿಷ್ಟದ ಲೆಕ್ಕವೇನೂ ರದ್ದಾಗುತ್ತಿರಲಿಲ್ಲ; ರಾಗಿಯೂ ಧಾನ್ಯವೇ, ಅದರಲ್ಲಿಯೂ ಪಿಷ್ಟವೇ ಹೆಚ್ಚು. ನಾರಿನ ಅಂಶ ಮಾತ್ರ ಮೈದಾದಲ್ಲಿರುವುದಕ್ಕಿಂತ ಅಧಿಕ.

ಪಟ್ಟಿಯಲ್ಲಿ ವಿಶೇಷವಾಗಿ ನಿಲ್ಲಬೇಕಾದ ಹೆಸರು ಮಾಲ್ಟೋಡೆಕ್ಸ್‌ಟ್ರಿನ್. ಇದು ಪಿಷ್ಟವನ್ನು ತುಂಡರಿಸಿ ಮಾಡಿದ ಬಿಳಿಯ ಪುಡಿ. ಸರದ ತುಂಡುಗಳು ಬಿಡಿ ಸಕ್ಕರೆಗಿಂತ ಉದ್ದವಾಗಿರುವುದರಿಂದ ಕೋಷ್ಟಕದಲ್ಲಿ ಇದರ ಬಹುಭಾಗ ಸಕ್ಕರೆಯ ಸಾಲಿಗೆ ಸೇರುವುದಿಲ್ಲ. ಆದರೆ ಆಗಲೇ ಅರ್ಧ ಜೀರ್ಣವಾದಂತಿರುವ ಕಾರಣ ಇದು ಬಹುಬೇಗ ಗ್ಲೂಕೋಸಾಗಿ ರಕ್ತಕ್ಕಿಳಿಯುತ್ತದೆ. ಸಕ್ಕರೆಯೆಂಬ ಹೆಸರಿಲ್ಲದೆ ಸಕ್ಕರೆಯ ಕೆಲಸ ಮಾಡುವುದೆಂದರೆ ಇದೇ. ಪಟ್ಟಿಯ ಮೊದಲ ಮೂರರೊಳಗೆ ಇದು ಕಾಣಿಸಿದರೆ, ಸಕ್ಕರೆಯ ಸಾಲಿನಲ್ಲಿ ಸೊನ್ನೆಯಿದ್ದರೂ ಆ ತಿಂಡಿ ಮಧುಮೇಹಿಯ ಸ್ನೇಹಿತನಲ್ಲ. ಬೆಲ್ಲ, ಜೇನುತುಪ್ಪ, ಲಿಕ್ವಿಡ್ ಗ್ಲೂಕೋಸ್, ಖರ್ಜೂರದ ಪಾಕ ಮುಂತಾದುವುಗಳ ಹೆಸರು ಬಂದರೆ ಸಂದೇಹಕ್ಕೇ ಎಡೆಯಿಲ್ಲ. ಬೆಲ್ಲವು ಸಕ್ಕರೆಗಿಂತ ಸೌಮ್ಯವೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಬೇರೂರಿದೆ; ರಕ್ತದ ಲೆಕ್ಕದಲ್ಲಿ ಎರಡೂ ಒಡಹುಟ್ಟಿದವು.

ಮಾಲ್ಟಿಟಾಲ್ ಎಂಬ ಅರೆಪಾಲಿನ ಸಿಹಿ

ಹಾಗಾದರೆ ಸಕ್ಕರೆಯಿಲ್ಲದ ಬಿಸ್ಕತ್ತಿಗೆ ಸಿಹಿ ಬಂದದ್ದು ಎಲ್ಲಿಂದ? ಮಾಲ್ಟಿಟಾಲಿನಿಂದ. ಕೆಲವು ಪೊಟ್ಟಣಗಳಲ್ಲಿ ಹೆಸರಿಗೆ ಬದಲಾಗಿ ಐಎನ್‌ಎಸ್ 965 ಎಂಬ ಸಂಖ್ಯೆ ಮಾತ್ರವಿರುತ್ತದೆ. ಸಾರ್ಬಿಟಾಲ್ ಆದರೆ 420. ಇವು ಪಾಲಿಯಾಲ್ ಎಂಬ ಗುಂಪಿಗೆ ಸೇರಿದವು. ಕರುಳು ಇವುಗಳನ್ನು ಪೂರ್ತಿಯಾಗಿ ಹೀರಿಕೊಳ್ಳಲಾರದು. ಹೀಗಾಗಿ ಸಕ್ಕರೆಯ ಒಂದು ಗ್ರಾಮಿಗೆ 4 ಕಿಲೋಕ್ಯಾಲೊರಿಯಾದರೆ ಪಾಲಿಯಾಲಿನ ಒಂದು ಗ್ರಾಮಿಗೆ ಸಾಮಾನ್ಯವಾಗಿ 2.4 ಎಂದು ಲೆಕ್ಕ ಹಿಡಿಯುತ್ತಾರೆ. ಮಾಲ್ಟಿಟಾಲು ರಕ್ತದ ಗ್ಲೂಕೋಸನ್ನು ಸಕ್ಕರೆಗಿಂತ ಕಡಿಮೆ ಏರಿಸುತ್ತದೆ; ಆದರೆ ಏರಿಸದೆ ಬಿಡುವುದಿಲ್ಲ. ಹೀರದೆ ಉಳಿದ ಭಾಗ ದೊಡ್ಡ ಕರುಳಿಗೆ ಹೋಗಿ ನೀರನ್ನೆಳೆದುಕೊಂಡು ಹೊಟ್ಟೆಯುಬ್ಬರವನ್ನೂ ಭೇದಿಯನ್ನೂ ತರಬಹುದು. ಪಾಲಿಯಾಲು ಶೇಕಡಾ ಹತ್ತು ಅಥವಾ ಹೆಚ್ಚಾಗಿದ್ದರೆ ಭೇದಿಯ ಎಚ್ಚರಿಕೆಯನ್ನು ಅಚ್ಚುಮಾಡಬೇಕೆಂಬ ನಿಯಮವಿರುವುದು ಇದಕ್ಕೇ. ಆ ಎಚ್ಚರಿಕೆ ಕಂಡುಬಂದರೆ ಓದುಗನಿಗೆ ಒಂದು ಸುಳಿವು ಸಿಕ್ಕಂತೆ: ಹತ್ತರಲ್ಲಿ ಒಂದು ಪಾಲಿಗೆ ಕಡಿಮೆಯಿಲ್ಲ.

ಎಷ್ಟೆಂದು ಬರೆದಿರದಿದ್ದರೆ ಮನೆಯಲ್ಲಿಯೇ ಅಂದಾಜು ಮಾಡಬಹುದು. ಪ್ರೋಟೀನಿನ ಗ್ರಾಮಿಗೆ 4, ಕೊಬ್ಬಿನ ಗ್ರಾಮಿಗೆ 9, ಶರ್ಕರಪಿಷ್ಟದ ಗ್ರಾಮಿಗೆ 4 ಕಿಲೋಕ್ಯಾಲೊರಿ. ಮೇಷ್ಟರ ಪೊಟ್ಟಣದಲ್ಲಿ ಪ್ರೋಟೀನಿನಿಂದ 28, ಕೊಬ್ಬಿನಿಂದ 180, ಶರ್ಕರಪಿಷ್ಟದಿಂದ 272, ಒಟ್ಟು 480. ಅಚ್ಚಾಗಿರುವುದು 451. ಕಡಿಮೆಯಾದ 29 ಕಿಲೋಕ್ಯಾಲೊರಿ ಎಲ್ಲಿ ಹೋಯಿತು? ಶರ್ಕರಪಿಷ್ಟದ 68 ಗ್ರಾಮಿನೊಳಗೆ ಕಡಿಮೆ ಶಕ್ತಿಯ ಪಾಲಿಯಾಲು ಅಡಗಿದೆ. ಅದರ ಪ್ರತಿ ಗ್ರಾಮಿಗೆ 1.6 ಕಿಲೋಕ್ಯಾಲೊರಿ ಕಡಿಮೆ; 29ನ್ನು 1.6ರಿಂದ ಭಾಗಿಸಿದರೆ ಸುಮಾರು 18 ಗ್ರಾಂ. ನಾರು ಹೆಚ್ಚಾಗಿರುವ ತಿಂಡಿಯಲ್ಲಿ ಈ ಲೆಕ್ಕ ಮಸುಕಾಗುತ್ತದೆ. ಏಕೆಂದರೆ ನಾರಿನ ಶಕ್ತಿಯೂ ಕಡಿಮೆಯೇ. ಮೈದಾದ ಬಿಸ್ಕತ್ತಿಗೆ ಈ ಅಂದಾಜು ಸಾಕು.

ಈಗ ಉತ್ತರದ ಹತ್ತಿರಕ್ಕೆ ಬಂದಂತಾಯಿತು. ಎರಡು ಬಿಸ್ಕತ್ತಿನ 25 ಗ್ರಾಮಿನಲ್ಲಿ ಶರ್ಕರಪಿಷ್ಟ 17 ಗ್ರಾಂ. ಅದರಲ್ಲಿ ಪಾಲಿಯಾಲು ನಾಲ್ಕೂವರೆ ಗ್ರಾಂ. ಉಳಿದ ಹನ್ನೆರಡೂವರೆ ಗ್ರಾಂ ಪಿಷ್ಟ. ಪಾಲಿಯಾಲಿನ ಅರ್ಧವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ಪಥ್ಯಶಾಸ್ತ್ರದಲ್ಲಿ ರೂಢಿ. ಹಾಗೆ ಹಿಡಿದರೆ ಒಟ್ಟು ಸುಮಾರು 15 ಗ್ರಾಂ. ಇಪ್ಪತ್ತು ಗ್ರಾಂ ಗೋಧಿಹಿಟ್ಟಿನ ಒಂದು ಚಿಕ್ಕ ಚಪಾತಿಯಲ್ಲಿರುವ ಶರ್ಕರಪಿಷ್ಟವೂ ಹೆಚ್ಚುಕಡಮೆ ಇಷ್ಟೇ. ಮೇಷ್ಟರು ಚಹಾದೊಡನೆ ನಾಲ್ಕು ಬಿಸ್ಕತ್ತುಗಳನ್ನು ತಿಂದರೆ ಎರಡು ಚಪಾತಿಗಳನ್ನು ತಿಂದಂತೆ. “ಎಷ್ಟು ಬೇಕಾದ್ರೂ” ಎಂದ ಅಂಗಡಿಯವನ ಮಾತು ಇಲ್ಲಿಗೆ ಬಿದ್ದುಹೋಯಿತು.

ಸಕ್ಕರೆ ಹಾಕಿದ ಸಾಮಾನ್ಯ ಬಿಸ್ಕತ್ತೊಂದರಲ್ಲಿ ನೂರು ಗ್ರಾಮಿಗೆ ಶರ್ಕರಪಿಷ್ಟ 70 ಗ್ರಾಂ ಇದ್ದರೆ, ಅಷ್ಟೇ ತೂಕದ ಎರಡು ಬಿಸ್ಕತ್ತುಗಳಲ್ಲಿ ಹದಿನೇಳೂವರೆ ಗ್ರಾಂ ಆಗುತ್ತದೆ. ಹದಿನೈದಕ್ಕೂ ಹದಿನೇಳೂವರೆಗೂ ಇರುವ ಅಂತರ ಅರ್ಧ ಚಮಚ ಸಕ್ಕರೆಯಷ್ಟು. ‘ಸೇರಿಸಿಲ್ಲ’ ಎಂಬ ಬಿಸ್ಕತ್ತನ್ನು ಎರಡರ ಬದಲು ಮೂರು ತಿಂದರೆ ಉಳಿತಾಯವೆಲ್ಲ ಹೋಗಿ ಮೇಲೆ ಸಾಲವೂ ಆಗುತ್ತದೆ. ಇಂಥ ಪೊಟ್ಟಣಗಳಿಂದ ಆಗುವ ನಿಜವಾದ ಕೇಡು ಇದೇ: ಒಳಗಿರುವ ಪದಾರ್ಥಕ್ಕಿಂತ ಹೊರಗಿನ ಧೈರ್ಯ ಹೆಚ್ಚು ತಿನ್ನಿಸುತ್ತದೆ.

ಕೋಷ್ಟಕದಲ್ಲಿ ಶೇಕಡಾ ಲೆಕ್ಕದ ಇನ್ನೊಂದು ಅಂಕಣವೂ ಇರುತ್ತದೆ. ಅದನ್ನು ಮಧುಮೇಹಿಯು ತನ್ನ ಅಳತೆಯೆಂದು ತಿಳಿಯಬಾರದು. ದಿನಕ್ಕೆ 2000 ಕಿಲೋಕ್ಯಾಲೊರಿ ಬೇಕಾದ ಸಾಮಾನ್ಯ ವ್ಯಕ್ತಿಗೆ ಹೇಳಿದ ಅಂಕಿಗಳವು. ಸೇರಿಸಿದ ಸಕ್ಕರೆಗೆ 50 ಗ್ರಾಂ, ಸ್ಯಾಚುರೇಟೆಡ್ ಕೊಬ್ಬಿಗೆ 22 ಗ್ರಾಂ ಎಂಬುದು ಅದರ ಆಧಾರ. ಸಕ್ಕರೆಯ ಶೇಕಡಾ ಅವರಿಗೆ ಉಪಯೋಗವಿಲ್ಲದಿದ್ದರೂ ಕೊಬ್ಬಿನ ಸಾಲನ್ನು ಅವರು ನೋಡಬೇಕು. ಮಧುಮೇಹವು ಹೃದಯದ ರಕ್ತನಾಳಗಳಿಗೂ ಶತ್ರುವಷ್ಟೆ. ನಾಲ್ಕು ಬಿಸ್ಕತ್ತುಗಳಲ್ಲಿ ಆ ಕೊಬ್ಬು ನಾಲ್ಕೂವರೆ ಗ್ರಾಂ. ಇಡೀ ದಿನದ ಮಿತಿಯ ಐದನೆಯ ಒಂದು ಪಾಲು ಸಂಜೆಯ ಚಹಾದಲ್ಲಿಯೇ ಮುಗಿಯಿತು. ಅದಲ್ಲದೆ ಕೊಬ್ಬು ಜಠರವನ್ನು ನಿಧಾನಗೊಳಿಸುವುದರಿಂದ ಗ್ಲೂಕೋಸಿನ ಏರಿಕೆ ತಡವಾಗಿ ಬಂದು ಹೆಚ್ಚು ಹೊತ್ತು ನಿಲ್ಲಬಹುದು.

ರಕ್ತವನ್ನೇ ಕೇಳುವ ಬಗೆ

ಲೇಬಲ್ಲು ಹೇಳುವುದು ತಿಂಡಿಯ ಗುಣ, ತಿಂದವನ ಗುಣವನ್ನಲ್ಲ. ಒಂದೇ ಬಿಸ್ಕತ್ತು ಇಬ್ಬರಲ್ಲಿ ಬೇರೆ ಬೇರೆಯಾಗಿ ವರ್ತಿಸಬಹುದು. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಇದರ ಪರೀಕ್ಷೆ ಕಷ್ಟವಲ್ಲ. ಸಂಜೆಯ ಚಹಾಕ್ಕೆ ಮುಂಚೆ ಒಮ್ಮೆ, ತಿನ್ನಲು ಆರಂಭಿಸಿದ ಎರಡು ಗಂಟೆಗಳ ಮೇಲೆ ಇನ್ನೊಮ್ಮೆ ಬೆರಳಿನ ರಕ್ತವನ್ನು ನೋಡಬೇಕು. ನಡುವೆ ಬೇರೇನನ್ನೂ ತಿನ್ನಬಾರದು. ಮತ್ತೊಂದು ದಿನ ಅದೇ ಹೊತ್ತಿಗೆ, ಅದೇ ಮಾತ್ರೆ, ಅದೇ ನಡಿಗೆ, ಅದೇ ಹಾಲಿನ ಚಹಾ. ಬಿಸ್ಕತ್ತು ಮಾತ್ರ ಇಲ್ಲದೆ ಪರೀಕ್ಷಿಸಬೇಕು. ಎರಡು ದಿನಗಳ ಏರಿಕೆಯ ವ್ಯತ್ಯಾಸವೇ ಬಿಸ್ಕತ್ತಿನ ಪಾಲು. ಒಂದೊಂದು ಬಾರಿಯಿಂದ ತೀರ್ಮಾನಿಸದೆ ಎರಡು ಮೂರು ಸಲ ನೋಡುವುದು ಒಳ್ಳೆಯದು. ಮನೆಯ ಯಂತ್ರಕ್ಕೆ ಶೇಕಡಾ ಹದಿನೈದರವರೆಗೆ ವ್ಯತ್ಯಾಸದ ರಿಯಾಯಿತಿಯಿದೆ. ಆದುದರಿಂದ 150ಕ್ಕೂ 160ಕ್ಕೂ ಇರುವ ಅಂತರದಿಂದ ಹರ್ಷವನ್ನಾಗಲಿ ದುಃಖವನ್ನಾಗಲಿ ಪಡಬೇಕಾಗಿಲ್ಲ. ವೈದ್ಯರು ಹಾಕಿಕೊಟ್ಟ ಮಿತಿಯನ್ನು ಪದೇ ಪದೇ ದಾಟಿದರೆ ಮಾತ್ರ ಆ ಪ್ರಮಾಣ ಸಲ್ಲದು.

ಮೇಷ್ಟರ ಪೊಟ್ಟಣದ ಮಟ್ಟಿಗೆ ತೀರ್ಪು ಹೀಗಾಗುತ್ತದೆ: ನಿಷಿದ್ಧವಲ್ಲ; ಪಥ್ಯವೂ ಅಲ್ಲ. ಎರಡು ಬಿಸ್ಕತ್ತು ಸಲ್ಲುತ್ತದೆ. ಅದೂ ರಾತ್ರಿಯ ಊಟದಲ್ಲಿ ಒಂದು ಚಪಾತಿಯನ್ನು ಕಳೆದರೆ. ಊಟದ ಮೇಲಿನ ಊಟವಾಗಿ ಸಲ್ಲದು. ನಾಲ್ಕು ಯಾವ ಲೆಕ್ಕದಲ್ಲಿಯೂ ಸಲ್ಲದು. ಬೇರೆ ಪೊಟ್ಟಣ ಬಂದಾಗಲೂ ಓದುವ ಕ್ರಮ ಇದೇ: ಮೊದಲು ತಾನು ನಿಜವಾಗಿ ತಿನ್ನುವಷ್ಟರ ತೂಕ, ಆಮೇಲೆ ಅಷ್ಟರಲ್ಲಿರುವ ಶರ್ಕರಪಿಷ್ಟ, ಆಮೇಲೆ ಪದಾರ್ಥಗಳ ಮೊದಲ ಮೂರು ಹೆಸರು. ಸಕ್ಕರೆಯ ಸಾಲಿನ ಸರದಿ ಇವುಗಳ ನಂತರ.

ಇನ್ನೊಂದು ಸಂದರ್ಭವನ್ನು ಮನೆಯವರೆಲ್ಲರೂ ತಿಳಿದಿರಬೇಕು. ಗ್ಲಿಮಿಪಿರೈಡಿನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಊಟ ತಪ್ಪಿದಾಗ ರಕ್ತದ ಗ್ಲೂಕೋಸು 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ಮಂಕುತನ ಬರಬಹುದು. ಆ ಗಳಿಗೆಯಲ್ಲಿ ‘ಸಕ್ಕರೆ ಸೇರಿಸಿಲ್ಲ’ ಎಂಬ ಬಿಸ್ಕತ್ತನ್ನು ಕೊಡುವುದು ದೊಡ್ಡ ತಪ್ಪು. ಅದರ ಕೊಬ್ಬು ತಡಮಾಡುತ್ತದೆ. ಅದರ ಸಿಹಿ ಅರೆಪಾಲಿನದು. ಆಗ ಬೇಕಾದದ್ದು ನೀರಿನಲ್ಲಿ ಕಲಸಿದ 15 ಗ್ರಾಂ ಗ್ಲೂಕೋಸ್ ಪುಡಿ, ಅದಿಲ್ಲದಿದ್ದರೆ ಮೂರು ಚಮಚ ಸಕ್ಕರೆ. ಹದಿನೈದು ನಿಮಿಷಗಳ ಮೇಲೆ ಮತ್ತೆ ಪರೀಕ್ಷೆ. ಊಟದೊಡನೆ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆಯನ್ನು ನುಂಗುವವರಿಗಾದರೆ ಸಕ್ಕರೆಯೂ ಬೇಗ ಕೆಲಸ ಮಾಡದು, ಏಕೆಂದರೆ ಆ ಮಾತ್ರೆಗಳು ಸಕ್ಕರೆ ಒಡೆಯುವುದನ್ನೇ ತಡೆಯುತ್ತವೆ. ಅವರಿಗೆ ಗ್ಲೂಕೋಸ್ ಪುಡಿಯೇ ಆಗಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಒಡನೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು. ಬಿಸ್ಕತ್ತಿನ ಡಬ್ಬಿಯ ಪಕ್ಕದಲ್ಲಿ ಗ್ಲೂಕೋಸ್ ಪುಡಿಯ ಚಿಕ್ಕ ಡಬ್ಬಿಯೊಂದನ್ನು, ಕತ್ತಲೆಯಲ್ಲಿಯೂ ಕೈಗೆ ಸಿಕ್ಕುವಂತೆ, ಇಟ್ಟುಕೊಳ್ಳುವುದು ಲೇಸು.